ಕೀಮೋ ನಡೆಯುವಾಗ ಮನೆಯಲ್ಲಿ ಕಷಾಯ: ಲಿವರಿನ ಲೆಕ್ಕ ಇಟ್ಟುಕೊಳ್ಳುವುದು ಹೇಗೆ

ಮನೆ ಕುಂಬಳೆ ಕಡೆ, ಕೆಲಸ ಮಂಗಳೂರಿನ ಒಂದು ಆಸ್ಪತ್ರೆಯ ಕೀಮೋ ವಾರ್ಡಿನಲ್ಲಿ. 14 ವರ್ಷದಿಂದ ಅಲ್ಲಿ ನರ್ಸ್ ಆಗಿದ್ದೇನೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಮಂಜೇಶ್ವರ ಕಡೆಯಿಂದ ಬರುವವರಿಗೆ ನಾನು ಊರಿನವಳು, ಹಾಗಾಗಿ ಡಾಕ್ಟರಿಗೆ ಹೇಳದ್ದನ್ನೂ ನನ್ನ ಹತ್ತಿರ ಹೇಳುತ್ತಾರೆ. ಆದರೂ "ಬೇರೆ ಮದ್ದು ಏನಾದರೂ ಮಾಡ್ತಿದ್ದೀರಾ?" ಎಂದು ಕೇಳಿದರೆ ಹೆಚ್ಚಿನವರ ಉತ್ತರ "ಇಲ್ಲ" ಎಂದೇ. ಅವರು ಸುಳ್ಳು ಹೇಳುತ್ತಿರುವುದಿಲ್ಲ. ಅವರ ಲೆಕ್ಕದಲ್ಲಿ ಮದ್ದು ಎಂದರೆ ಅಂಗಡಿಯಿಂದ ತಂದ ಮಾತ್ರೆ. ಬೆಳಿಗ್ಗೆ ಒಲೆಯ ಮೇಲೆ ಕುದಿಯುವ ಕಷಾಯ ಕಷಾಯವೇ, ಅದು ಮದ್ದಲ್ಲ. ಈಗ ನಾನು ಪ್ರಶ್ನೆಯನ್ನೇ ಬದಲಾಯಿಸಿಕೊಂಡಿದ್ದೇನೆ: "ಬೆಳಿಗ್ಗೆ ಕುದಿಸಿ ಕುಡಿಯುವುದು ಎಂತ? ಅರೆದು ಕುಡಿಯುವುದು ಎಂತ? ಯಾರಾದರೂ ತಂದುಕೊಟ್ಟ ಬಾಟ್ಲಿ, ಪುಡಿ ಉಂಟಾ?" ಹೀಗೆ ಕೇಳಿದರೆ ಉತ್ತರ ಬರುತ್ತದೆ.

ಹೀಗೆ ಕೇಳಲು ನಾನು ಕಲಿತದ್ದು ನನ್ನ ಸ್ವಂತ ಚಿಕ್ಕಮ್ಮನ ಸಂಗತಿಯಿಂದ. ಮೊದಲು ಅದನ್ನೇ ಹೇಳುತ್ತೇನೆ, ಯಾಕೆಂದರೆ ಮುಂದೆ ಬರೆಯುವ ಹೆಜ್ಜೆಗಳೆಲ್ಲ ಅದರ ಮೇಲೆಯೇ ನಿಂತಿವೆ.

ಮೂರನೆಯ ಕೀಮೋ ನಿಂತದ್ದು

ಚಿಕ್ಕಮ್ಮನಿಗೆ 54 ವರ್ಷ. ಸ್ತನ ಕ್ಯಾನ್ಸರಿನ ಆಪರೇಷನ್ ಮುಗಿದಿತ್ತು. ನಂತರ 21 ದಿನಕ್ಕೊಮ್ಮೆ ನಾಲ್ಕು ಕೀಮೋ ಎಂದು ನಿಶ್ಚಯವಾಯಿತು. ಕೊಡುವುದು ಡಾಕ್ಸೊರುಬಿಸಿನ್ ಮತ್ತು ಸೈಕ್ಲೊಫಾಸ್ಫಮೈಡ್. ಡಾಕ್ಸೊರುಬಿಸಿನ್ ಎಂದರೆ ನಮ್ಮ ವಾರ್ಡಿನಲ್ಲಿ ಎಲ್ಲರೂ "ಕೆಂಪು ಇಂಜೆಕ್ಷನ್" ಎನ್ನುವ ಮದ್ದು. ಶುರು ಮಾಡುವ ಮೊದಲು ಮಾಡಿದ ಲಿವರ್ ಪರೀಕ್ಷೆಯಲ್ಲಿ ಎಸ್‌ಜಿಪಿಟಿ 28, ಬಿಲಿರುಬಿನ್ 0.7. ಎರಡೂ ಸರಿಯಾದ ಮಟ್ಟ.

ಮೊದಲ ಕೀಮೋ ಆಗಿ ಮೂರನೆಯ ದಿನ ಅವರ ಮನೆಯಲ್ಲಿ ಅಮೃತಬಳ್ಳಿ ಕಷಾಯ ಶುರುವಾಯಿತು. ಹಲಸಿನ ಮರಕ್ಕೆ ಹಬ್ಬಿದ ಬಳ್ಳಿ ಹಿತ್ತಲಲ್ಲೇ ಇತ್ತು. ಒಂದು ಗೇಣು ಉದ್ದದ ಕಾಂಡ ಜಜ್ಜಿ, ನಾಲ್ಕು ಲೋಟ ನೀರನ್ನು ಒಂದು ಲೋಟಕ್ಕೆ ಇಳಿಸಿ, ಏಳೆಂಟು ಕಾಳುಮೆಣಸು ಹಾಕಿ, ದಿನಕ್ಕೆ ಎರಡು ಹೊತ್ತು. ಕೀಮೋದಲ್ಲಿ ಬಿಳಿ ರಕ್ತಕಣ ಇಳಿಯುತ್ತದೆ, ಅಮೃತಬಳ್ಳಿ ಕುಡಿದರೆ ಏರುತ್ತದೆ ಎಂದು ಯಾರೋ ಹೇಳಿದ್ದರು. ಕೊರೊನಾ ಕಾಲದಿಂದ ಆ ಬಳ್ಳಿಯ ಮೇಲೆ ಎಲ್ಲರಿಗೂ ಭಕ್ತಿ ಬೇರೆ.

ಎರಡನೆಯ ಕೀಮೋಗೆ ಮೊದಲು ಎಸ್‌ಜಿಪಿಟಿ 46 ಇತ್ತು. ಸ್ವಲ್ಪ ಹೆಚ್ಚು, ಕೀಮೋದಿಂದಲೂ ಇಷ್ಟು ಏರುವುದುಂಟು. ಯಾರೂ ತಲೆಕೆಡಿಸಿಕೊಳ್ಳಲಿಲ್ಲ, ನಾನೂ ಕೆಡಿಸಿಕೊಳ್ಳಲಿಲ್ಲ. ಮೂರನೆಯದಕ್ಕೆ ಬಂದಾಗ ಎಸ್‌ಜಿಪಿಟಿ 388, ಬಿಲಿರುಬಿನ್ 2.4. ಡಾಕ್ಟರು ಆ ದಿನ ಕೀಮೋ ಕೊಡಲಿಲ್ಲ.

ಅದಕ್ಕೂ ಒಂದು ವಾರ ಮೊದಲೇ ದೇಹ ಸೂಚನೆ ಕೊಟ್ಟಿತ್ತು. ಚಿಕ್ಕಮ್ಮನ ಮೂತ್ರ ಹಾಲು ಹಾಕದ ಕಡು ಚಹಾದ ಬಣ್ಣಕ್ಕೆ ತಿರುಗಿತ್ತು. ಅವರು ಅದನ್ನು "ಕೆಂಪು ಇಂಜೆಕ್ಷನ್ ಅಲ್ವಾ, ಹಾಗೆಯೇ" ಎಂದು ಬಿಟ್ಟುಬಿಟ್ಟರು. ಕೆಂಪು ಇಂಜೆಕ್ಷನ್ ಕೊಟ್ಟ ದಿನ, ಮರುದಿನ ಮೂತ್ರ ಕೆಂಪಾಗುವುದು ನಿಜ, ನಾವೇ ಹಾಗೆ ಹೇಳಿ ಕಳಿಸುತ್ತೇವೆ. ಆದರೆ ಅದು ಒಂದೆರಡು ದಿನದಲ್ಲಿ ತಿಳಿಯಾಗುತ್ತದೆ. ಎರಡನೆಯ, ಮೂರನೆಯ ವಾರದಲ್ಲಿ ಮತ್ತೆ ಕಪ್ಪಾದರೆ ಅದು ಇಂಜೆಕ್ಷನ್ನಿನ ಬಣ್ಣವಲ್ಲ, ಪಿತ್ತದ ಬಣ್ಣ. ವಾಕರಿಕೆಯೂ ಹಾಗೆಯೇ: ಕೀಮೋದ ವಾಕರಿಕೆ ಸಾಮಾನ್ಯವಾಗಿ ಮೊದಲ ಐದಾರು ದಿನದಲ್ಲಿ ಇಳಿಯುತ್ತದೆ. ಗಂಜಿ ಉಪ್ಪಿನಕಾಯಿ ರುಚಿ ಹತ್ತಿದ ಮೇಲೆ ಮತ್ತೆ ಅನ್ನ ಕಂಡರೆ ಹೇವರಿಕೆ ಬರುತ್ತಿದ್ದರೆ, ಮೈ ತುರಿಸುತ್ತಿದ್ದರೆ, ಮುಂದಿನ ತಾರೀಕಿಗೆ ಕಾಯದೆ ರಕ್ತಪರೀಕ್ಷೆ ಮಾಡಿಸಬೇಕು.

ಮೊದಲ ಹೆಜ್ಜೆ: ಒಂದು ಹಾಳೆ, ನಾಲ್ಕು ಕಾಲಂ

ಕೀಮೋ ಶುರುವಾಗುವ ಮೊದಲೇ ಒಂದು ಹಾಳೆ ತೆಗೆದುಕೊಳ್ಳಿ. ಫೈಲಿನ ಒಳಗೆ ಎಲ್ಲಕ್ಕಿಂತ ಮೇಲೆ ಅದು ಇರಲಿ. ನಾಲ್ಕು ಕಾಲಂ ಸಾಕು: ಏನು, ಎಷ್ಟು, ಶುರು ಮಾಡಿದ ತಾರೀಕು, ನಿಲ್ಲಿಸಿದ ತಾರೀಕು.

ಬಹಳ ಬೆಲೆಯುಳ್ಳದ್ದು ತಾರೀಕಿನ ಕಾಲಂ. ಗಿಡಮೂಲಿಕೆಯಿಂದ ಲಿವರಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ಕುಡಿದ ಮರುದಿನ ಅಲ್ಲ, ಕೆಲವು ವಾರ ಕಳೆದ ಮೇಲೆ. ಅಷ್ಟರಲ್ಲಿ ಮನೆಯವರಿಗೆ ಅದು ಅಭ್ಯಾಸವಾಗಿರುತ್ತದೆ, "ಅದನ್ನು ಮೊದಲಿನಿಂದಲೂ ಕುಡಿತಿದ್ದಾರೆ, ಅದರಿಂದ ಆಗಿರಲಿಕ್ಕಿಲ್ಲ" ಎನ್ನುತ್ತಾರೆ. ಚಿಕ್ಕಮ್ಮನ ವಿಷಯದಲ್ಲಿ ಕಷಾಯ ಶುರುವಾಗಿ ಪೆಟ್ಟು ಗೊತ್ತಾಗುವವರೆಗೆ 39 ದಿನ ಕಳೆದಿತ್ತು. ತಾರೀಕು ಯಾರೂ ಬರೆದಿಟ್ಟಿರಲಿಲ್ಲ. ಸೊಸೆ "ನಾಗರಪಂಚಮಿಯ ಎರಡು ದಿನ ಮೊದಲು" ಎಂದು ನೆನಪಿಸಿಕೊಂಡ ಕಾರಣ ಲೆಕ್ಕ ಸಿಕ್ಕಿತು.

"ಏನು" ಎಂಬ ಕಾಲಂನಲ್ಲಿ ನಮ್ಮ ಊರಿನವರಿಗೆ ಒಂದು ಹೆಚ್ಚಿನ ಕೆಲಸ ಉಂಟು. ನಮ್ಮಲ್ಲಿ ಗಿಡಕ್ಕೆ ಕನ್ನಡದಲ್ಲಿ ಒಂದು ಹೆಸರು, ತುಳುವಿನಲ್ಲಿ ಒಂದು, ಮಲಯಾಳದಲ್ಲಿ ಇನ್ನೊಂದು. ಮಂಗಳೂರಿನಲ್ಲಿ ಕೀಮೋ ಮಾಡಿಸಿ ಮುಂದೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೋ ತಿರುವನಂತಪುರದ ಆರ್‌ಸಿಸಿಗೋ ಹೋಗುವವರಿದ್ದಾರೆ. ಅಲ್ಲಿ "ಅಮೃತಬಳ್ಳಿ" ಎಂದರೆ ತಿಳಿಯಲಿಕ್ಕಿಲ್ಲ, "ಚಿಟ್ಟಮೃತ್" ಎನ್ನಬೇಕು. ಲಕ್ಷ್ಮಣಫಲ ಅಲ್ಲಿ ಮುಳ್ಳಾತ್ತ, ನೆಲನೆಲ್ಲಿ ಅಲ್ಲಿ ಕೀಳಾರ್‌ನೆಲ್ಲಿ. ಎರಡೂ ಹೆಸರು ಬರೆಯಿರಿ. ಜೊತೆಗೆ ಗಿಡದ ಎಲೆ, ಕಾಂಡ ಎರಡೂ ಕಾಣುವಂತೆ ಮೊಬೈಲಿನಲ್ಲಿ ಫೋಟೊ ತೆಗೆದಿಡಿ.

ಫೋಟೊ ಯಾಕೆ ಎಂದರೆ, ಅಮೃತಬಳ್ಳಿಯ ಹಾಗೆಯೇ ಕಾಣುವ ಬೇರೆ ಬಳ್ಳಿಗಳೂ ಇವೆ. ಒಂದು ಜಾತಿಯ ಕಾಂಡದ ಮೇಲೆ ಮೊಡವೆಯಂತೆ ಗಂಟುಗಂಟು ಏಳುತ್ತದೆ, ಅದು ಲಿವರಿಗೆ ಕೆಡುಕು ಎಂದು ಮೊದಲಿನಿಂದಲೂ ಗೊತ್ತಿದೆ. 2021ರಲ್ಲಿ ಮುಂಬಯಿಯ ಲಿವರ್ ತಜ್ಞರು ಅಮೃತಬಳ್ಳಿ ಸೇವಿಸಿ ಲಿವರ್ ಕೆಟ್ಟ ಆರು ಮಂದಿಯ ವರದಿ ಪ್ರಕಟಿಸಿದಾಗ, ಆಯುಷ್ ಸಚಿವಾಲಯ ಹೇಳಿದ್ದೂ ಅದನ್ನೇ: ಬಳ್ಳಿ ತಪ್ಪಿರಬೇಕು ಎಂದು. ಮರುವರ್ಷ ದೇಶದ 13 ಆಸ್ಪತ್ರೆಗಳ ತಜ್ಞರು ಸೇರಿ 43 ರೋಗಿಗಳ ಲೆಕ್ಕ ಕೊಟ್ಟರು, ಅಸಲಿ ಅಮೃತಬಳ್ಳಿಯಿಂದಲೇ ಹೀಗಾಗುತ್ತದೆ ಎಂಬುದು ಅದರಲ್ಲಿ ಕಂಡಿತು. ದೇಹದ ರೋಗನಿರೋಧಕ ಶಕ್ತಿ ಕೆರಳಿ ಸ್ವಂತ ಲಿವರಿನ ಮೇಲೆಯೇ ತಿರುಗಿಬೀಳುವಂಥ ಉರಿಯೂತ ಅದು. "ಇಮ್ಯುನಿಟಿ ಹೆಚ್ಚಾಗಲಿ" ಎಂದೇ ಕುಡಿಯುವ ಕಷಾಯ ಹೀಗೆ ಮಾಡುವುದರಲ್ಲಿ ಆಶ್ಚರ್ಯ ಏನೂ ಇಲ್ಲ ಎಂದು ನನಗೆ ಅನಿಸುತ್ತದೆ. ಎಲ್ಲರಿಗೂ ಆಗುವುದಿಲ್ಲ, ಹತ್ತು ಜನ ಕುಡಿದು ಚೆನ್ನಾಗಿಯೇ ಇರುತ್ತಾರೆ. ಯಾರಿಗೆ ಆಗುತ್ತದೆ ಎಂದು ಮೊದಲೇ ಹೇಳುವ ಪರೀಕ್ಷೆಯಂತೂ ಊರಿನ ಲ್ಯಾಬಿನಲ್ಲಿ ಇಲ್ಲ.

ಬಾಟ್ಲಿ, ಡಬ್ಬಿ ಆದರೆ ಲೇಬಲಿನ ಫೋಟೊ: ಅದರೊಳಗೆ ಏನೇನಿದೆ ಎಂಬ ಪಟ್ಟಿ, ಬ್ಯಾಚ್ ನಂಬರ್. ಲೇಬಲೇ ಇಲ್ಲದ ಪುಡಿ, ಗುಳಿಗೆ ಯಾರು ಕೊಟ್ಟರೂ ಕೀಮೋ ಮುಗಿಯುವವರೆಗೆ ಬಾಯಿಗೆ ಹಾಕಬೇಡಿ. ಇಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ಒಳಗೆ ಸೀಸ, ಪಾದರಸ ಇರಬಹುದು, ಸ್ಟಿರಾಯ್ಡ್ ಬೆರೆಸಿರಬಹುದು, ನಾಳೆ ಲಿವರ್ ಕೆಟ್ಟರೆ ಯಾವುದರಿಂದ ಎಂದು ಹುಡುಕಲು ದಾರಿಯೇ ಇರುವುದಿಲ್ಲ.

ವರ್ಷಕ್ಕೊಮ್ಮೆ ಬರುವ ಆಟಿ ಅಮಾವಾಸ್ಯೆಯ ಹಾಲೆ ಮರದ ತೊಗಟೆಯ ಕಷಾಯವೂ ಈ ಹಾಳೆಗೆ ಸೇರಬೇಕು. ಕೀಮೋದಲ್ಲಿರುವವರು ಆ ವರ್ಷ ಅದನ್ನು ಬಿಟ್ಟುಬಿಡಿ. ಕತ್ತಲಲ್ಲಿ ತೊಗಟೆ ಕೆತ್ತಲು ಹೋದವರು ಮರ ತಪ್ಪಿ ಕಾಸರಕದ ತೊಗಟೆ ತಂದರೆ ಆರೋಗ್ಯವಂತರೇ ಉಳಿಯುವುದು ಕಷ್ಟ, ಇನ್ನು ಕೀಮೋದವರ ಮಾತು ಬೇಡ.

ಎರಡನೆಯ ಹೆಜ್ಜೆ: ಎಲ್‌ಎಫ್‌ಟಿ ಚೀಟಿಯಲ್ಲಿ ಎರಡು ಸಾಲು ನೋಡುವುದು

ಪ್ರತಿ ಕೀಮೋಗೆ ಮೊದಲು ರಕ್ತಪರೀಕ್ಷೆ ಮಾಡಿಸುತ್ತಾರೆ. ಅದರಲ್ಲಿ ಲಿವರಿನ ಪರೀಕ್ಷೆಗೆ ಎಲ್‌ಎಫ್‌ಟಿ ಎನ್ನುತ್ತಾರೆ. ಚೀಟಿಯಲ್ಲಿ ಹತ್ತು ಸಾಲು ಇರುತ್ತದೆ, ಮನೆಯವರು ಎರಡು ಸಾಲು ನೋಡಲು ಕಲಿತರೆ ಸಾಕು.

ಒಂದು ಎಸ್‌ಜಿಪಿಟಿ, ಎಎಲ್‌ಟಿ ಎಂದೂ ಬರೆದಿರುತ್ತಾರೆ. ಇದು ಲಿವರಿನ ಜೀವಕೋಶದ ಒಳಗಿರುವ ವಸ್ತು. ಜೀವಕೋಶ ಒಡೆದಾಗ ರಕ್ತಕ್ಕೆ ಸೋರುತ್ತದೆ. ಹೆಚ್ಚಿನ ಲ್ಯಾಬುಗಳಲ್ಲಿ 40ರ ಆಸುಪಾಸಿನವರೆಗೆ ಸರಿ. ಇನ್ನೊಂದು ಟೋಟಲ್ ಬಿಲಿರುಬಿನ್, ಪಿತ್ತದ ಹಳದಿ ಬಣ್ಣ. ಇದು ಸುಮಾರು 1.2ರವರೆಗೆ ಸರಿ. ಲಿವರ್ ತನ್ನ ಕೆಲಸ ಮಾಡಲಾಗದೆ ಸೋತಾಗ ಇದು ಏರುತ್ತದೆ. ಮೊದಲನೆಯದು ಎಷ್ಟು ಒಡೆದಿದೆ ಎಂದು ಹೇಳಿದರೆ, ಎರಡನೆಯದು ಉಳಿದದ್ದು ಎಷ್ಟು ಕೆಲಸ ಮಾಡುತ್ತಿದೆ ಎಂದು ಹೇಳುತ್ತದೆ.

ಎಸ್‌ಜಿಪಿಟಿ ಒಂದೇ ಸ್ವಲ್ಪ ಏರಿದ್ದರೆ ಗಾಬರಿ ಬೇಡ, ಆದರೆ ಹಾಳೆ ತೆಗೆದು ನೋಡಿ: ಈ 21 ದಿನದಲ್ಲಿ ಹೊಸದಾಗಿ ಏನು ಸೇರಿದೆ? ಎಸ್‌ಜಿಪಿಟಿ ಮೇಲಿನ ಮಿತಿಯ ಮೂರು ಪಟ್ಟು ದಾಟಿ (ಎಂದರೆ 120ಕ್ಕಿಂತ ಹೆಚ್ಚು), ಬಿಲಿರುಬಿನ್ ಕೂಡ ಎರಡು ಪಟ್ಟು ದಾಟಿದರೆ ವಿಷಯವೇ ಬೇರೆ. ಮದ್ದಿನಿಂದ ಹೀಗೆ ಎರಡೂ ಒಟ್ಟಿಗೆ ಏರಿದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರ ಜೀವಕ್ಕೇ ಅಪಾಯ ಎಂದು ಹೈಮನ್ ಝಿಮರ್ಮನ್ ಎಂಬ ಅಮೆರಿಕದ ವೈದ್ಯರು ಗುರುತಿಸಿದ್ದರು, ಇವತ್ತಿಗೂ ಲಿವರ್ ತಜ್ಞರು ಅದೇ ಗೆರೆಯನ್ನು ನೋಡುತ್ತಾರೆ. ಚಿಕ್ಕಮ್ಮನ 388 ಮತ್ತು 2.4 ಆ ಗೆರೆಯ ಮೇಲೆಯೇ ಇತ್ತು.

ಕೀಮೋ ಯಾಕೆ ನಿಲ್ಲಿಸುತ್ತಾರೆ ಎಂಬುದೂ ಇಲ್ಲೇ ಇದೆ. ಡಾಕ್ಸೊರುಬಿಸಿನ್ ದೇಹದಿಂದ ಹೊರಗೆ ಹೋಗುವುದು ಹೆಚ್ಚಾಗಿ ಲಿವರಿನ ಮೂಲಕ, ಪಿತ್ತದ ಜೊತೆ. ಲಿವರ್ ಸೋತಿದ್ದರೆ ಅದೇ ಡೋಸ್ ರಕ್ತದಲ್ಲಿ ಹೆಚ್ಚು ಹೊತ್ತು ಉಳಿದು ಮಜ್ಜೆಯನ್ನು ಕೆಡಿಸುತ್ತದೆ, ಬಾಯಿ ಹುಣ್ಣನ್ನೂ ಹೆಚ್ಚಿಸುತ್ತದೆ. ಹಾಗಾಗಿ ಬಿಲಿರುಬಿನ್ 1.2ರಿಂದ 3ರ ಒಳಗಿದ್ದರೆ ಡೋಸ್ ಅರ್ಧಕ್ಕೆ ಇಳಿಸಬೇಕು, 3 ದಾಟಿ 5ರ ಒಳಗಿದ್ದರೆ ಕಾಲು ಭಾಗಕ್ಕೆ, 5 ದಾಟಿದರೆ ಕೊಡಲೇಬಾರದು ಎಂದು ನಿಯಮ. ಅರ್ಧ ಡೋಸ್ ಕೊಟ್ಟು ಮುಂದೆ ಹೋಗುವುದೋ, ಲಿವರ್ ಸರಿಯಾಗುವವರೆಗೆ ಕಾಯುವುದೋ ಎಂಬುದು ಡಾಕ್ಟರ ತೀರ್ಮಾನ. ಹೇಗೆ ಮಾಡಿದರೂ ರೋಗಿಗೆ ಸಿಗಬೇಕಾದ ಚಿಕಿತ್ಸೆಯಲ್ಲಿ ಕೊರತೆ ಬೀಳುತ್ತದೆ.

ಮೂರನೆಯ ಹೆಜ್ಜೆ: ಏರಿದ್ದು ಗೊತ್ತಾದ ದಿನ

ಆ ದಿನವೇ ಹಾಳೆಯಲ್ಲಿರುವ ಕಷಾಯ, ಪುಡಿ, ಕ್ಯಾಪ್ಸೂಲ್ ಎಲ್ಲ ನಿಲ್ಲಿಸಿ. ಒಂದನ್ನು ನಿಲ್ಲಿಸಿ ಇನ್ನೊಂದನ್ನು ಮುಂದುವರಿಸಿ ನೋಡೋಣ ಎಂಬ ಪ್ರಯೋಗ ಬೇಡ. ಆಸ್ಪತ್ರೆಯ ಮಾತ್ರೆಗಳನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ, ಯಾವುದು ನಿಲ್ಲಬೇಕು ಎಂದು ಡಾಕ್ಟರು ಹೇಳಲಿ. ಜ್ವರಕ್ಕೆಂದು ಮನೆಯಲ್ಲಿಟ್ಟ ಪ್ಯಾರಸಿಟಮಾಲ್ ಕೂಡ ಕೇಳಿಯೇ.

ನಮ್ಮ ಕಡೆಯವರು ಹೆಚ್ಚಾಗಿ ತಪ್ಪುವುದು ಇಲ್ಲೇ. ಕಣ್ಣು ಹಳದಿ ಎಂದ ತಕ್ಷಣ "ಕಾಮಾಲೆ, ಮದ್ದು ಕೊಡುವವರು ಇಂಥಲ್ಲಿ ಇದ್ದಾರೆ" ಎಂದು ಹೊರಡುತ್ತಾರೆ. ನೆಲನೆಲ್ಲಿ ಅರೆದು ಹಾಲಿನಲ್ಲಿ ಮೂರು ದಿನ, ಉಪ್ಪು ಬಿಡಬೇಕು, ಎಣ್ಣೆ ಬಿಡಬೇಕು. ಹೆಪಟೈಟಿಸ್ ಎ ಕಾಮಾಲೆ ಹೆಚ್ಚಿನವರಲ್ಲಿ ಮದ್ದಿಲ್ಲದೆಯೂ ಇಳಿಯುತ್ತದೆ, ಆ ಇಳಿದ ಪುಣ್ಯ ಸೊಪ್ಪಿಗೆ ಸೇರುತ್ತದೆ. ಆದರೆ ಗಿಡದಿಂದ ಪೆಟ್ಟಾದ ಲಿವರಿಗೆ ಇನ್ನೊಂದು ಗಿಡ ಕೊಟ್ಟರೆ ಎರಡು ಕೆಡುಕು. ಒಂದು, ಹೊಸದೂ ಪೆಟ್ಟು ಕೊಡಬಹುದು. ಇನ್ನೊಂದು, ಮುಂದಿನ ವಾರದ ಎಸ್‌ಜಿಪಿಟಿ ಏರಿದರೂ ಇಳಿದರೂ ಯಾವುದರಿಂದ ಎಂದು ಯಾರಿಗೂ ಹೇಳಲಾಗುವುದಿಲ್ಲ. ಚಿಕ್ಕಮ್ಮನ ಗಂಡನೂ ಜೀಪು ತರಿಸಿ ಹೊರಟಿದ್ದರು. "ಚಿಕ್ಕಪ್ಪ, ಒಂದು ವಾರ ಸುಮ್ಮನೆ ಇರಿ, ಏನೂ ಕೊಡಬೇಡಿ" ಎಂದು ಒಪ್ಪಿಸಲು ನನಗೆ ಅರ್ಧ ದಿನ ಬೇಕಾಯಿತು.

ಇತ್ತ ಆಸ್ಪತ್ರೆಯಲ್ಲಿ ಬೇರೆ ಕಾರಣಗಳನ್ನು ಒಂದೊಂದಾಗಿ ಬದಿಗೆ ಸರಿಸಬೇಕಾಗುತ್ತದೆ. ಎಲ್ಲವನ್ನೂ ಕಷಾಯದ ತಲೆಗೆ ಕಟ್ಟುವುದೂ ತಪ್ಪೇ. ಹೆಪಟೈಟಿಸ್ ಬಿ ವೈರಸ್ ಕೆಲವರ ದೇಹದಲ್ಲಿ ವರ್ಷಗಟ್ಟಲೆ ಸುಮ್ಮನೆ ಮಲಗಿದ್ದು ಕೀಮೋ ಕೊಟ್ಟಾಗ ಏಳುತ್ತದೆ, ಅದಕ್ಕೆ ಬೇರೆ ಮದ್ದೇ ಉಂಟು, ತಡವಾದರೆ ಜೀವ ಹೋಗಬಹುದು. ಮಳೆಗಾಲದಲ್ಲಿ ತೋಟಕ್ಕೆ ಬರಿಗಾಲಲ್ಲಿ ಇಳಿಯುವವರಿಗೆ ಇಲಿಜ್ವರದಿಂದಲೂ ಕಣ್ಣು ಹಳದಿಯಾಗುತ್ತದೆ. ಕ್ಯಾನ್ಸರ್ ಲಿವರಿಗೆ ಹರಡಿದೆಯೇ, ಪಿತ್ತನಾಳ ಕಟ್ಟಿದೆಯೇ ಎಂದು ಸ್ಕ್ಯಾನಿಂಗ್ ಹೇಳುತ್ತದೆ. ಕೀಮೋ ಮದ್ದುಗಳ ಪಾಲೂ ಇರಬಹುದು. ಚಿಕ್ಕಮ್ಮನಿಗೆ ಹೆಪಟೈಟಿಸ್ ಎ, ಬಿ, ಸಿ, ಇ ನಾಲ್ಕೂ ಇಲ್ಲ, ಇಲಿಜ್ವರ ಇಲ್ಲ, ಸ್ಕ್ಯಾನಿಂಗ್ ಸರಿ. ರಕ್ತ ಹೆಪ್ಪುಗಟ್ಟುವ ಪರೀಕ್ಷೆ, ಅಂದರೆ ಐಎನ್‌ಆರ್ 1.1 ಬಂತು. ಈ ಕೊನೆಯದು ನಮಗೆ ಸಮಾಧಾನ ಕೊಟ್ಟಿತು. ಅದು 1.5 ದಾಟಿದ್ದರೆ ಮನೆಗೆ ಕಳಿಸುತ್ತಿರಲಿಲ್ಲ. ರೋಗಿ ಹಗಲೆಲ್ಲ ತೂಕಡಿಸಿದರೆ, ಮಾತು ತಪ್ಪಿದರೆ, ವಸಡಿನಲ್ಲಿ ರಕ್ತ ಬಂದರೆ, ಕಣ್ಣಿನ ಹಳದಿ ದಿನದಿಂದ ದಿನಕ್ಕೆ ಹೆಚ್ಚಿದರೆ ರಾತ್ರಿಯಾದರೂ ಸರಿ, ಆಗಲೇ ಹೊರಡಿ.

ಕಷಾಯ ನಿಲ್ಲಿಸಿ ಒಂದು ವಾರಕ್ಕೆ ಎಸ್‌ಜಿಪಿಟಿ 290, ಎರಡು ವಾರಕ್ಕೆ 160, ನಾಲ್ಕು ವಾರಕ್ಕೆ 62, ಬಿಲಿರುಬಿನ್ 0.8. ಐದನೆಯ ವಾರ ಮೂರನೆಯ ಕೀಮೋ ಪೂರ್ತಿ ಡೋಸಿನಲ್ಲೇ ಕೊಟ್ಟರು. ಅದಾಗಿ 21 ದಿನಕ್ಕೆ 35. ನನಗೆ ಖಾತ್ರಿಯಾದದ್ದು ಈ ಕೊನೆಯ ಅಂಕೆಯಿಂದ: ಅದೇ ಕೀಮೋ ಮತ್ತೆ ಕೊಟ್ಟರೂ ಲಿವರ್ ಅಲುಗಲಿಲ್ಲ, ಬದಲಾದದ್ದು ಕಷಾಯ ಒಂದೇ. "ಹಾಗಾದರೆ ಕಷಾಯ ಮತ್ತೆ ಸ್ವಲ್ಪ ಕೊಟ್ಟು ನೋಡಿದರೆ ಗೊತ್ತಾಗುತ್ತದಲ್ಲ" ಎಂದು ಭಾವ ಕೇಳಿದ. ಅದನ್ನು ಯಾವತ್ತೂ ಮಾಡಬಾರದು. ಒಮ್ಮೆ ಕೆರಳಿದ ದೇಹ ಎರಡನೆಯ ಸಲ ಬೇಗ, ಇನ್ನೂ ಜೋರಾಗಿ ಕೆರಳಬಹುದು.

ನಾಲ್ಕನೆಯದು: ಲಿವರ್ ಕೆಡದೆಯೂ ಮದ್ದು ಕೆಡುವುದು

ಇಲ್ಲಿಯವರೆಗೆ ಹೇಳಿದ್ದು ರಕ್ತಪರೀಕ್ಷೆಯಲ್ಲಿ ಕಾಣುವ ಪೆಟ್ಟು. ಎಸ್‌ಜಿಪಿಟಿ ನೆಟ್ಟಗೇ ಇದ್ದು, ಒಳಗೆ ಕೀಮೋ ಮದ್ದಿನ ಪ್ರಮಾಣ ಮಾತ್ರ ಏರುಪೇರಾಗುವುದೂ ಉಂಟು.

ತಲಪಾಡಿ ಚೆಕ್‌ಪೋಸ್ಟ್ ನೆನಪಿಸಿಕೊಳ್ಳಿ. ಲಾರಿಗಳು ಬರುತ್ತವೆ, ಕಾಗದ ನೋಡಿ ಒಂದೊಂದಾಗಿ ಬಿಡುತ್ತಾರೆ. ಲಿವರಿನಲ್ಲಿಯೂ ಮದ್ದನ್ನು ಒಂದೊಂದಾಗಿ ಒಡೆದು ಸಾಗಿಸುವ ಕಿಣ್ವಗಳಿವೆ. ಸಿವೈಪಿ3ಎ4 ಎಂಬುದು ಅದರಲ್ಲಿ ದೊಡ್ಡದು, ಅನೇಕ ಕ್ಯಾನ್ಸರ್ ಮದ್ದುಗಳು ಆ ಬಾಗಿಲಿನಲ್ಲೇ ಹೋಗಬೇಕು. ಕೆಲವು ಗಿಡಗಳ ರಸ ಆ ಬಾಗಿಲನ್ನು ತಡೆಯುತ್ತದೆ: ಲಾರಿಗಳ ಸಾಲು ಬೆಳೆದ ಹಾಗೆ ರಕ್ತದಲ್ಲಿ ಮದ್ದು ಜಮೆಯಾಗುತ್ತದೆ, ಡೋಸ್ ಹೆಚ್ಚು ಕೊಟ್ಟಂತಾಗುತ್ತದೆ. ಕಾಳುಮೆಣಸಿನ ಪೈಪರಿನ್, ಚಕ್ಕೋತದ ರಸ ಈ ಜಾತಿ. ಇನ್ನು ಕೆಲವು ಬಾಗಿಲಿನಲ್ಲಿ ಕೆಲಸದವರನ್ನು ಹೆಚ್ಚು ಮಾಡುತ್ತವೆ: ಮದ್ದು ಕೆಲಸ ಮಾಡುವ ಮೊದಲೇ ಹೊರಗೆ ಹೋಗುತ್ತದೆ. ಯುರೋಪಿನಲ್ಲಿ ಬೇಸರಕ್ಕೆ ಕುಡಿಯುವ ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡ ಇರಿನೊಟಿಕಾನ್ ಕೀಮೋದ ಸಕ್ರಿಯ ಅಂಶವನ್ನು 42 ಶೇಕಡ ಇಳಿಸಿದ್ದು 2002ರಲ್ಲಿ ರೋಗಿಗಳಲ್ಲೇ ಅಳೆದು ತೋರಿಸಿದ ಸಂಗತಿ. ರೋಗಿಗೆ ಸುಸ್ತು ಕಡಿಮೆ, ವಾಂತಿ ಕಡಿಮೆ, "ಕಷಾಯದಿಂದ ಹಗುರಾಯಿತು" ಎಂದು ಖುಷಿ. ಹಗುರಾದದ್ದು ಮದ್ದೇ ಕಡಿಮೆಯಾದ ಕಾರಣದಿಂದ ಎಂದು ಅವರಿಗೆ ಗೊತ್ತಾಗುವುದು ಹೇಗೆ?

ನಮ್ಮಲ್ಲಿ ಹೆಚ್ಚು ಕೇಳುವ ಪ್ರಶ್ನೆ ಅರಶಿನದ್ದು. ಸಾರು, ಪಲ್ಯಕ್ಕೆ ಹಾಕುವ ಅರಶಿನಕ್ಕೆ ಹೆದರಬೇಡಿ. ಅರಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ನೂರಕ್ಕೆ ಮೂರು ಪಾಲು. ಒಂದು ಟೀ ಚಮಚ ಪುಡಿ 3 ಗ್ರಾಂ ಎಂದರೆ ಕರ್ಕ್ಯುಮಿನ್ 90 ಮಿಲಿಗ್ರಾಂ, ಅಷ್ಟು ಅರಶಿನವನ್ನು ಮನೆಯವರೆಲ್ಲ ಸೇರಿ ಉಣ್ಣುತ್ತೇವೆ, ಅದರಲ್ಲೂ ಹೆಚ್ಚಿನದು ರಕ್ತ ಸೇರದೆ ಹೊರಗೆ ಹೋಗುತ್ತದೆ. ಅಂಗಡಿಯ ಕ್ಯಾಪ್ಸೂಲ್ ಬೇರೆ ಜಾತಿ. 500 ಮಿಲಿಗ್ರಾಂ ಕ್ಯಾಪ್ಸೂಲಿನಲ್ಲಿ ನೂರಕ್ಕೆ 95 ಪಾಲು ಕರ್ಕ್ಯುಮಿನ್ ಇದ್ದರೆ ಅದು ಐದು ಚಮಚ ಅರಶಿನ ಪುಡಿಗೆ ಸಮ. ಅದರ ಜೊತೆ ಪೈಪರಿನ್ ಬೆರೆಸಿರುತ್ತಾರೆ. ಪೈಪರಿನ್ ಸೇರಿಸಿದರೆ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು 20 ಪಟ್ಟು ಹೆಚ್ಚಾಗುತ್ತದೆ ಎಂದು 1998ರಲ್ಲಿ ಕಂಡುಹಿಡಿದದ್ದು ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರೇ. ಕಂಪನಿಗಳು ಅದನ್ನು ಡಬ್ಬಿಯ ಮೇಲೆ ಹೆಮ್ಮೆಯಿಂದ ಹಾಕುತ್ತವೆ. ಅಮೆರಿಕದ ಲಿವರ್ ತಜ್ಞರು ಅರಶಿನದ ಇಂಥ ತಯಾರಿಕೆಗಳಿಂದ ಲಿವರ್ ಕೆಟ್ಟ ಹತ್ತು ಮಂದಿಯ ಲೆಕ್ಕ ಕೊಟ್ಟಾಗ, ಪರೀಕ್ಷಿಸಿದ ಏಳು ಡಬ್ಬಿಗಳಲ್ಲಿ ಮೂರರಲ್ಲಿ ಪೈಪರಿನ್ ಇತ್ತು.

ಕೀಮೋ ಮುಗಿದು ಐದು ವರ್ಷ ಟಾಮಾಕ್ಸಿಫೆನ್ ಮಾತ್ರೆ ನುಂಗುವವರಿಗೂ ಇದು ಅನ್ವಯಿಸುತ್ತದೆ. ಅಲ್ಲಿ ಲೆಕ್ಕ ತಿರುಗುಮುರುಗು: ಟಾಮಾಕ್ಸಿಫೆನ್ ಲಿವರಿನಲ್ಲಿ ಎಂಡಾಕ್ಸಿಫೆನ್ ಆಗಿ ಬದಲಾದ ಮೇಲೆಯೇ ಸರಿಯಾಗಿ ಕೆಲಸ ಮಾಡುವುದು. ಬಾಗಿಲು ತಡೆದರೆ ಆ ಬದಲಾವಣೆಯೇ ಕಡಿಮೆಯಾಗುತ್ತದೆ. ನೆದರ್ಲ್ಯಾಂಡ್ಸಿನ ರಾಟರ್‌ಡ್ಯಾಮಿನಲ್ಲಿ ಟಾಮಾಕ್ಸಿಫೆನ್ ನುಂಗುವ ಕೆಲವೇ ರೋಗಿಗಳಿಗೆ ದಿನಕ್ಕೆ ಮೂರು ಹೊತ್ತು 1200 ಮಿಲಿಗ್ರಾಂ ಕರ್ಕ್ಯುಮಿನ್ ಕೊಟ್ಟು ಅಳೆದರು. ಎಂಡಾಕ್ಸಿಫೆನ್ ಸುಮಾರು 8 ಶೇಕಡ ಇಳಿಯಿತು, ಪೈಪರಿನ್ ಸೇರಿಸಿದಾಗ 12 ಶೇಕಡ. ದೊಡ್ಡ ಸಂಖ್ಯೆಯಲ್ಲ, ನಿಜ. ಆದರೆ ಮೊದಲೇ ಎಂಡಾಕ್ಸಿಫೆನ್ ಕಡಿಮೆ ಇರುವ ದೇಹದವರಿಗೆ ಇಷ್ಟೇ ಸಾಕು ಮದ್ದು ಮಟ್ಟಕ್ಕಿಂತ ಕೆಳಗೆ ಬೀಳಲು. ಯಾವ ಲಕ್ಷಣವೂ ಕಾಣದ ಕಾರಣ ಇದನ್ನು ಮನೆಯಲ್ಲಿ ಕಂಡುಹಿಡಿಯಲಾಗುವುದಿಲ್ಲ, ಕ್ಯಾಪ್ಸೂಲ್ ಬಿಡುವುದೊಂದೇ ದಾರಿ.

ಕಾಳುಮೆಣಸಿಗೂ ಅದೇ ಅಳತೆ: ಸಾರಿನಲ್ಲಿ ಇರಲಿ, ಕಷಾಯಕ್ಕೆ ಮುಷ್ಟಿ ತುಂಬಿಸುವುದು ಬೇಡ. ಹಸಿ ರಸಗಳ ಬಗ್ಗೆ ಒಂದೇ ಮಾತು. ಕೀಮೋ ಆಗಿ 7ರಿಂದ 14ನೆಯ ದಿನದ ನಡುವೆ ಬಿಳಿ ರಕ್ತಕಣ ತೀರ ಕೆಳಗಿರುತ್ತದೆ, ಆಗ ಕುದಿಸದ ಗರಿಕೆ ರಸ, ಸೊಪ್ಪಿನ ರಸದಿಂದ ಸೋಂಕು ಬಂದರೆ ಲಿವರಿನ ತನಕ ಹೋಗುವ ಮೊದಲೇ ಐಸಿಯುವಿನಲ್ಲಿರುತ್ತೀರಿ.

ಡಾಕ್ಟರ ಹತ್ತಿರ ಹೇಳುವುದು

"ಬೈತಾರೆ" ಎಂಬ ಹೆದರಿಕೆ ನಿಜವಾದದ್ದು, ಬೈಯುವವರೂ ಇದ್ದಾರೆ. ಹಾಳೆಯ ಗುಣ ಇಲ್ಲಿ ಕಾಣುತ್ತದೆ. ಬಾಯಿ ಬಿಟ್ಟು ಹೇಳಲು ಹಿಂಜರಿಕೆಯಾದರೆ ಹಾಳೆಯನ್ನು ಫೈಲಿನ ಮೇಲಿಟ್ಟು ಕೊಡಿ, ಅಥವಾ ರಕ್ತ ತೆಗೆಯುವ ನರ್ಸಿನ ಕೈಗೆ ಕೊಡಿ. ಕೇಳುವಾಗ "ಕಷಾಯ ಕುಡಿಯಬಹುದಾ?" ಎಂದು ಕೇಳಿದರೆ "ಬೇಡ" ಎಂಬ ಒಂದೇ ಮಾತು ಬರುತ್ತದೆ. ಹೀಗೆ ಕೇಳಿ: "ನನಗೆ ಕೊಡುವ ಮದ್ದು ಲಿವರಿನ ಮೂಲಕ ಹೋಗುತ್ತದಾ? ಇದರಲ್ಲಿ ಯಾವುದನ್ನು ಯಾವ ದಿನದಿಂದ ನಿಲ್ಲಿಸಬೇಕು? ಮುಂದಿನ ಎಲ್‌ಎಫ್‌ಟಿ ಯಾವಾಗ?" ನಿಲ್ಲಿಸುವುದಾದರೆ ಕೀಮೋದ ಹಿಂದಿನ ದಿನ ನಿಲ್ಲಿಸಿ ಪ್ರಯೋಜನ ಕಡಿಮೆ. ಕಿಣ್ವಗಳನ್ನು ಹೆಚ್ಚಿಸುವ ಗಿಡದ ಪ್ರಭಾವ ಇಳಿಯಲು ಎರಡು ವಾರ ಬೇಕಾಗುತ್ತದೆ. ಅದಕ್ಕೇ ಮೊದಲ ಕೀಮೋದ ತಾರೀಕು ಸಿಕ್ಕಿದ ದಿನವೇ ಹಾಳೆ ತೋರಿಸಬೇಕು.

ನಂಬಿಕೆಯ ಆಯುರ್ವೇದ ವೈದ್ಯರಿದ್ದರೆ ಅವರಿಗೂ ಕೀಮೋ ಮದ್ದಿನ ಹೆಸರಿರುವ ಚೀಟಿ ಮತ್ತು ಎಲ್‌ಎಫ್‌ಟಿ ತೋರಿಸಿ. ಬದಿಯಡ್ಕ ಕಡೆಯ ಒಬ್ಬ ಹಿರಿಯ ವೈದ್ಯರು ಚಿಕ್ಕಮ್ಮನ ಚೀಟಿ ನೋಡಿ, "ಕೀಮೋ ಮುಗಿಯಲಿ, ಈಗ ನನ್ನದು ಏನೂ ಬೇಡ, ಗಂಜಿ ನೀರು ಕುಡಿಸಿ" ಎಂದು ಕಳಿಸಿದರು. ಊರಿಗೆಲ್ಲ ಹಂಚಿಕೊಂಡು ತಿರುಗುವ ಲಕ್ಷ್ಮೀತರು, ಮುಳ್ಳಾತ್ತದ ಎಲೆ ಕಷಾಯದ ಬಗ್ಗೆಯೂ ಅವರನ್ನು ಕೇಳಿದೆ. ನಕ್ಕರು, "ನಮ್ಮ ಗ್ರಂಥದಲ್ಲಿ ಆ ಮರಗಳೇ ಇಲ್ಲ ಮಗಾ, ಎರಡೂ ಅಮೆರಿಕದ ಕಡೆಯಿಂದ ಬಂದವು" ಎಂದರು. ಹೌದು, ಎರಡೂ ಅಲ್ಲಿಯ ಉಷ್ಣವಲಯದ ಮರಗಳೇ. ಅವುಗಳಿಂದ ಕ್ಯಾನ್ಸರ್ ಗುಣವಾಗುತ್ತದೆ ಎಂದು ರೋಗಿಗಳ ಮೇಲಿನ ಸರಿಯಾದ ಪರೀಕ್ಷೆಯಲ್ಲಿ ತೋರಿಸಿದವರಿಲ್ಲ. ಮುಳ್ಳಾತ್ತದಲ್ಲಿ ನರಗಳಿಗೆ ಕೆಡುಕಾಗುವ ಅನ್ನೊನಾಸಿನ್ ಎಂಬ ವಸ್ತು ಇದೆ, ಕೆರಿಬಿಯನ್ನಿನ ಗ್ವಾಡಲೂಪ್ ದ್ವೀಪದಲ್ಲಿ ಅದರ ಹಣ್ಣು, ಎಲೆಯ ಚಹಾ ಹೆಚ್ಚು ಸೇವಿಸುವವರಲ್ಲಿ ಪಾರ್ಕಿನ್ಸನ್ ರೀತಿಯ ಕಾಯಿಲೆ ಹೆಚ್ಚಿರುವುದನ್ನು 1999ರಲ್ಲಿ ವೈದ್ಯರು ಗಮನಿಸಿದರು. ಕೀಮೋದಿಂದ ಮೊದಲೇ ಕೈಕಾಲು ಜೋಮು ಹಿಡಿಯುತ್ತಿರುವವರಿಗೆ ಅದು ಬೇಕಾ?

ಲಿವರ್ ಕೆಟ್ಟದ್ದು ಗಿಡದಿಂದ ಎಂದು ಅನುಮಾನ ಬಂದರೆ 1800-180-3024ಕ್ಕೆ ಫೋನ್ ಮಾಡಿ ವರದಿ ಮಾಡಬಹುದು. ಮದ್ದಿನ ಅಡ್ಡಪರಿಣಾಮಗಳನ್ನು ದಾಖಲಿಸುವ ದೇಶದ ಉಚಿತ ನಂಬರ್ ಅದು, ರೋಗಿಯ ಕಡೆಯವರೂ ಮಾಡಬಹುದು. ಅವರು ಕೇಳುವುದು ಯಾವ ಮದ್ದು, ಎಷ್ಟು, ಯಾವಾಗ ಶುರು, ಯಾವಾಗ ನಿಲ್ಲಿಸಿದ್ದು, ಆಮೇಲೆ ಏನಾಯಿತು ಎಂದೇ. ಚಿಕ್ಕಮ್ಮನ ಸೊಸೆ ಫೋನ್ ಮಾಡಿದಾಗ ಹಾಳೆಯನ್ನು ಕೈಯಲ್ಲಿ ಹಿಡಿದು ಓದಿದಳು, ಐದು ನಿಮಿಷದಲ್ಲಿ ಮುಗಿಯಿತು. ಉಳಿದ ಕಷಾಯದ ಕಾಂಡವನ್ನು ಅವಳು ಎಸೆದಿರಲಿಲ್ಲ, ಗಿಡ ಗುರುತಿಸಲು ಬೇಕಾದೀತು ಎಂದು ಕಾಗದದಲ್ಲಿ ಸುತ್ತಿ, ಮೇಲೆ ತಾರೀಕು ಬರೆದು ಅಟ್ಟದ ಮೇಲೆ ಇಟ್ಟಿದ್ದಳು.